ಎಲ್ಲರಿಗೂ ಸಮ ಹಂಚಿದ ಡ್ಯೂಟಿ ಲಿಸ್ಟ್

(ಒಪ್ಪಿಗೆ ಪಡೆದು ಬರೆದದ್ದು. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ರೇಣುಕಾಗೆ 24 ವರ್ಷ. ರಾಯಚೂರಿನ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಸಿಸ್ಟರ್. ಊರು ಲಿಂಗಸುಗೂರು ಕಡೆ. ಆಸ್ಪತ್ರೆಯ ಮೇಲಿನ ರೂಮಿನಲ್ಲೇ ವಾಸ. "ನಿದ್ದಿನ ಬರಂಗಿಲ್ರಿ ಮೇಡಂ. ಸುಮ್ಮ ಸುಮ್ಮನ ಪೇಷಂಟ್ ಮ್ಯಾಲ ಸಿಟ್ಟು ಬರ್ತದ" ಅಂತ ಬಂದಿದ್ದಳು. ರಕ್ತ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಮಲಗುವ ಮೊದಲು ಮೊಬೈಲ್ ನೋಡಬೇಡ, ಸಂಜೆ ಮೇಲೆ ಚಹಾ ಬಿಡು ಅಂತೆಲ್ಲ ಹೇಳಿ ಕಳಿಸಿದೆ. ಮಲಗುವುದು ಯಾವ ಹೊತ್ತಿಗೆ ಅಂತ ಕೇಳಲೇ ಇಲ್ಲ! ಎರಡನೇ ಸಲ ಕೇಳಿದಾಗ ಗೊತ್ತಾಯಿತು, ಆಕೆ ಮಲಗುವುದು ಹೆಚ್ಚಾಗಿ ಬೆಳಿಗ್ಗೆ ಒಂಬತ್ತಕ್ಕೆ. ಏಪ್ರಿಲ್ ತಿಂಗಳು, ರಾಯಚೂರು, ತಗಡಿನ ಮಾಡು. ಹನ್ನೊಂದರ ನಂತರ ಆ ರೂಮಿನಲ್ಲಿ ಕೂರುವುದೇ ಕಷ್ಟ, ನಿದ್ದೆ ಎಲ್ಲಿಂದ ಬರಬೇಕು? ಡ್ಯೂಟಿ ಲಿಸ್ಟಿನ ಫೋಟೋ ತೋರಿಸು ಅಂದೆ.

ಅಲ್ಲಿ ನಾಲ್ವರು ಸಿಸ್ಟರ್‌ಗಳು. ಒಂದು ಹೊತ್ತಿಗೆ ಒಬ್ಬರು ಇರಲೇಬೇಕು. ಬೆಳಿಗ್ಗೆ 8ರಿಂದ 2, ಸಂಜೆ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಹೆಣ್ಣುಮಕ್ಕಳು ಬಂದು ಹೋಗುವುದು ಕಷ್ಟ ಅಂತ ರಾತ್ರಿಯನ್ನು ಹನ್ನೆರಡು ಗಂಟೆ ಮಾಡಿಕೊಂಡಿದ್ದರು. ಅದೇನೋ ಸರಿ. ಲಿಸ್ಟ್ ಬರೆಯುತ್ತಿದ್ದವರು ಡಾಕ್ಟರ ಹೆಂಡತಿ. ತಿಂಗಳಿಗೆ 90 ಡ್ಯೂಟಿ, ಇಬ್ಬರಿಗೆ 23, ಇಬ್ಬರಿಗೆ 22. ನೋಡಿದರೆ ಇದಕ್ಕಿಂತ ನ್ಯಾಯ ಇನ್ನೇನು ಅನ್ನಿಸುತ್ತದೆ.

ನಾನು ಪೆನ್ಸಿಲ್ ಕೊಟ್ಟು ಗಂಟೆ ಲೆಕ್ಕ ಹಾಕು ಅಂದೆ. ರೇಣುಕಾಗೆ 17 ರಾತ್ರಿ, 6 ಹಗಲು. ಅಂದರೆ 240 ಗಂಟೆ. ಹಿರಿಯ ಸಿಸ್ಟರ್‌ಗೆ ರಾತ್ರಿಯೇ ಇಲ್ಲ, 22 ಹಗಲು, 132 ಗಂಟೆ. ಉಳಿದಿಬ್ಬರು 186 ಮತ್ತು 162. ಸಮ ಪಾಲು ಆಗಬೇಕಿದ್ದದ್ದು ತಲೆಗೆ 180. ಡ್ಯೂಟಿ ಎಣಿಸಿದರೆ ಸಮ, ಗಂಟೆ ಎಣಿಸಿದರೆ ಒಬ್ಬಳು ಇನ್ನೊಬ್ಬಳ ಹತ್ತಿರ ಹತ್ತಿರ ಎರಡರಷ್ಟು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ತಿಂಗಳಲ್ಲಿ ಮೂರು ಸಲ ರಾತ್ರಿ ಮುಗಿಸಿದ ದಿನವೇ ಮಧ್ಯಾಹ್ನ 2ಕ್ಕೆ ಮತ್ತೆ ಡ್ಯೂಟಿ. ನಡುವೆ ಬರೀ ಆರು ಗಂಟೆ. ಲಿಸ್ಟ್ ಬರೆದವರಿಗೆ ಅದು ಹೊಸ ಡ್ಯೂಟಿ, ಮಾಡುವವಳಿಗೆ ಮುಗಿಯದ ರಾತ್ರಿ.

ರೇಣುಕಾ ಒಪ್ಪಿದ ಮೇಲೆ ಡಾಕ್ಟರ ಹೆಂಡತಿಯನ್ನೂ ಕರೆದು ಕೂರಿಸಿದೆ. "ಎಲ್ಲಾರ್ಗೂ ಸಮ ಹಂಚೀನ್ರಿ. ಈಕಿಗೆ ಮದುವಿ ಇಲ್ಲ, ಮಕ್ಕಳಿಲ್ಲ, ಮ್ಯಾಲೇ ಇರ್ತಾಳ" ಅಂದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಯಾರಿಗೆ ತೊಂದರೆ ಹೇಳಲು ಬಾಯಿ ಇದೆಯೋ ಅವರ ತೊಂದರೆ ಲಿಸ್ಟಿನಲ್ಲಿ ಕಂಡಿತ್ತು, ಅಷ್ಟೇ. 240 ಅಂಕಿ ನೋಡಿದಾಗ ಮಾತ್ರ ಸುಮ್ಮನಾದರು.

ನಾನು ಕೊಟ್ಟ ಸಲಹೆ ಎಂಟು ದಿನದ ಸುತ್ತು. ವಾರವನ್ನು ಮರೆಯಿರಿ ಅಂದೆ. ಪ್ರತಿಯೊಬ್ಬರೂ ಈ ಸಾಲಿನಲ್ಲೇ ನಡೆಯಬೇಕು:

ಬೆಳಿಗ್ಗೆ, ಬೆಳಿಗ್ಗೆ, ಸಂಜೆ, ಸಂಜೆ, ರಾತ್ರಿ, ರಾತ್ರಿ, ಆಫ್, ಆಫ್.

ನಾಲ್ವರನ್ನೂ ಎರಡೆರಡು ದಿನ ಹಿಂದೆ ಮುಂದೆ ಶುರು ಮಾಡಿಸಬೇಕು. ಆಗ ಯಾವ ದಿನ ತೆಗೆದು ನೋಡಿದರೂ ಒಬ್ಬರು ಬೆಳಿಗ್ಗೆ, ಒಬ್ಬರು ಸಂಜೆ, ಒಬ್ಬರು ರಾತ್ರಿ, ಒಬ್ಬರು ಆಫ್. ಒಂದು ಗಂಟೆಯೂ ಖಾಲಿ ಬೀಳುವುದಿಲ್ಲ. ಎಂಟು ದಿನಕ್ಕೆ ತಲೆಗೆ 48 ಗಂಟೆ, ವಾರಕ್ಕೆ ಸರಾಸರಿ 42. ಸಂಜೆ ಡ್ಯೂಟಿ ಮುಗಿದ ಮೇಲೆ ರಾತ್ರಿ ಡ್ಯೂಟಿಗೆ ಪೂರ್ತಿ ಒಂದು ದಿನ ಸಿಗುತ್ತದೆ. ಎರಡನೇ ರಾತ್ರಿ ಮುಗಿದ ಮೇಲೆ ಎರಡು ದಿನ. ಮೊದಲನೇ ಆಫ್ ಮಲಗಲು ಹೋಗುತ್ತದೆ, ಅದನ್ನು ರಜೆ ಅಂತ ಲೆಕ್ಕ ಹಿಡಿಯಬಾರದು ಅಂತ ಒತ್ತಿ ಹೇಳಿದೆ.

ಭಾನುವಾರದ ಜಗಳ ಇದರಲ್ಲಿ ತಾನಾಗಿ ತೀರುತ್ತದೆ. ವಾರಕ್ಕೆ ಏಳು ದಿನ, ಸುತ್ತಿಗೆ ಎಂಟು. ಹಾಗಾಗಿ ಪ್ರತಿ ಭಾನುವಾರ ಒಂದು ಮನೆ ಹಿಂದೆ ಸರಿಯುತ್ತದೆ. 8 ವಾರದಲ್ಲಿ ಪ್ರತಿಯೊಬ್ಬರಿಗೂ ಎರಡು ಭಾನುವಾರ ಬೆಳಿಗ್ಗೆ, ಎರಡು ಸಂಜೆ, ಎರಡು ರಾತ್ರಿ, ಎರಡು ಆಫ್. ಆದರೆ ಆ ಎರಡು ಆಫ್‌ನಲ್ಲಿ ಒಂದು ಶನಿವಾರದ ರಾತ್ರಿ ಡ್ಯೂಟಿ ಇಳಿದದ್ದು. ಪೂರ್ತಿ ಕೈಗೆ ಸಿಗುವುದು ಒಂದೇ. ಇದನ್ನು ಮೊದಲೇ ಹೇಳಿಬಿಡಿ ಅಂದೆ, ಇಲ್ಲದಿದ್ದರೆ ಎರಡನೇ ತಿಂಗಳು ಮೋಸ ಅನ್ನಿಸುತ್ತದೆ.

ಹಿರಿಯ ಸಿಸ್ಟರ್ ಒಪ್ಪಲಿಲ್ಲ. ಆಕೆಯ ಗಂಡನದು ಶಕ್ತಿನಗರದ ಕಡೆ ಶಿಫ್ಟ್ ಕೆಲಸ. ಇಬ್ಬರಿಗೂ ಒಂದೇ ರಾತ್ರಿ ಬಿದ್ದರೆ ಮಕ್ಕಳ ಹತ್ತಿರ ಯಾರೂ ಇಲ್ಲ. ಇದು ನೆಪವಲ್ಲ. ಆದರೆ ಗಂಡನಿಗೆ ರಾತ್ರಿ ಇರುವುದು ಕೆಲವು ದಿನ, ಆಕೆ ಬಿಡಿಸಿಕೊಂಡದ್ದು ಎಲ್ಲಾ ರಾತ್ರಿ, ಅಲ್ವಾ? ಹಾಗಾಗಿ ಗಂಟೆಗೆ ಗಂಟೆ ಬದಲಿ ಅಂತ ಮಾಡಿದೆವು. ಗಂಡನ ಶಿಫ್ಟ್ ಅಡ್ಡ ಬಂದಾಗ ಆಕೆಯ ಮೊದಲ ರಾತ್ರಿಯನ್ನು, ಆಗ ತಾನೇ ಎರಡು ರಾತ್ರಿ ಮುಗಿಸಿದವರು ಮೂರನೇ ರಾತ್ರಿಯಾಗಿ ಮಾಡುತ್ತಾರೆ. ಅದಕ್ಕೆ ಬದಲಾಗಿ ಆಕೆ ಮುಂದಿನ ಸುತ್ತಿನಲ್ಲಿ ತನ್ನ ಎರಡು ಬೆಳಿಗ್ಗೆ ಡ್ಯೂಟಿ ಮುಗಿಸಿ, ಅವರ ಎರಡು ಸಂಜೆಯನ್ನೂ ತಾನೇ ನಿಂತು ಮಾಡುತ್ತಾಳೆ. ಲೆಕ್ಕ ಸಮ. ಆದರೆ ಮೂರು ರಾತ್ರಿ ಮಾಡಿದವರಿಗೆ ಆ ಏಳು ದಿನದಲ್ಲಿ 60 ಗಂಟೆ ಬೀಳುತ್ತದೆ. ಆದ್ದರಿಂದ ಒಬ್ಬರನ್ನೇ 8 ವಾರದಲ್ಲಿ ಎರಡನೇ ಸಲ ಕೇಳುವ ಹಾಗಿಲ್ಲ. ಬದಲಿ ಆದರೆ ಲಿಸ್ಟಿನ ಮೇಲೆಯೇ ಇಬ್ಬರ ಸಹಿ. ಫೋನಿನಲ್ಲಿ ಮಾತಾಡಿಕೊಂಡದ್ದು ಲೆಕ್ಕಕ್ಕಿಲ್ಲ.

ನಾನು ನಿರೀಕ್ಷಿಸದ ತೊಡಕು ಬಂದದ್ದು ರೇಣುಕಾಳಿಂದಲೇ. ರಾತ್ರಿಗೆ 150 ರೂಪಾಯಿ ಜಾಸ್ತಿ ಕೊಡುತ್ತಿದ್ದರು. 17 ರಾತ್ರಿಗೆ 2,550 ಬರುತ್ತಿತ್ತು. ಹೊಸ ಸುತ್ತಿನಲ್ಲಿ ತಿಂಗಳಿಗೆ ಏಳೋ ಎಂಟೋ ರಾತ್ರಿ, ಸುಮಾರು 1,400 ರೂಪಾಯಿ ಖೋತಾ. ಅದು ಮನೆಗೆ ಹೋಗುತ್ತಿದ್ದ ದುಡ್ಡು. ಒಂದು ವಾರ ಯೋಚಿಸು ಅಂತ ಬಿಟ್ಟೆ, ನಾನು ಒತ್ತಾಯ ಮಾಡಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಹೇಳಿ, ಆಮೇಲೆ ಒಪ್ಪಿದಳು.

56 ದಿನ ನಡೆದ ಮೇಲೆ ಮತ್ತೆ ಬಂದಳು. ಒಟ್ಟು 15 ರಾತ್ರಿ ಮಾಡಿದ್ದಳು. ತನ್ನ ಪಾಲಿನ 14, ಹಿರಿಯ ಸಿಸ್ಟರ್‌ಗಾಗಿ ಒಂದು. ರಾತ್ರಿ ಡ್ಯೂಟಿ ಇಲ್ಲದ ದಿನ ಹನ್ನೊಂದಕ್ಕೆಲ್ಲ ನಿದ್ದೆ ಬರುತ್ತದೆ ಅಂದಳು. ರಾತ್ರಿ ಮಾಡಿ ಬಂದ ಮೇಲೆ ಈಗಲೂ ಮಧ್ಯಾಹ್ನ ಎಚ್ಚರವಾಗುತ್ತದೆ. ಲಿಸ್ಟ್ ಬದಲಿಸಿದರೆ ತಗಡು ತಣ್ಣಗಾಗುವುದಿಲ್ಲ. ಕೆಳಗಿನ ಖಾಲಿ ವಾರ್ಡಿನಲ್ಲಿ ಮಲಗಲು ಕೇಳು ಅಂದೆ. ಕೇಳಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ.

ಡಾಕ್ಟರ ಹೆಂಡತಿಗೆ ಉಳಿದ ಪ್ರಶ್ನೆ ರಜೆಯದ್ದು. ಒಬ್ಬರು ಒಂದು ವಾರ ಊರಿಗೆ ಹೋದರೆ? ವಾರದ 168 ಗಂಟೆಯನ್ನು ಮೂವರಿಗೆ ಹಂಚಿದರೆ ತಲೆಗೆ 56. ಒಂದು ವಾರ ಹೇಗೋ ನೂಕಬಹುದು. ಹೆರಿಗೆ ರಜೆ ಬಂದರೆ ಆಗುವುದೇ ಇಲ್ಲ. ಇದಕ್ಕೆ ಲಿಸ್ಟಿನಲ್ಲಿ ಉಪಾಯ ಹುಡುಕಬೇಡಿ, ಐದನೆಯವರನ್ನು ಹುಡುಕಿ ಅಂದೆ. ಮದುವೆಯಾಗಿ ಕೆಲಸ ಬಿಟ್ಟ ಸಿಸ್ಟರ್ ಒಬ್ಬರು ಅದೇ ಓಣಿಯಲ್ಲಿದ್ದಾರೆ. ಡ್ಯೂಟಿಗೆ ಇಷ್ಟು ಅಂತ ಕೊಟ್ಟರೆ ಸಂಜೆ ಹೊತ್ತು ಬರುತ್ತಾರಂತೆ. ರಾತ್ರಿಗೆ ಮಾತ್ರ ಆಗುವುದಿಲ್ಲವಂತೆ.