ಅಪ್ಪನ ಎರಡೂ ಅಡ್ಡಹೆಸರು ಮಗುವಿಗೆ ಬೇಡ

ಪ್ರಶ್ನೆ: ನಾನು ಹಾಸನದವಳು, ಲಂಡನ್‌ನಲ್ಲಿದ್ದೇನೆ. ಗಂಡ ಸ್ಪೇನಿನವರು, ಅವರ ಅಡ್ಡಹೆಸರು ಮೊರೆನೊ ವಿದಾಲ್. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ರಮೇಶ್ ಇದೆ. ಹೋದ ವಾರ ಮಗಳು ಹುಟ್ಟಿದಳು. ಅನಿತಾ ಮೊರೆನೊ ವಿದಾಲ್ ಅಂತ ನೋಂದಾಯಿಸಿದರೆ ಸಾಕಲ್ವಾ?

ಉತ್ತರ: ಸಾಲದು, ದಯವಿಟ್ಟು ಹಾಗೆ ಬರೆಸಬೇಡಿ. ಸ್ಪೇನಿನಲ್ಲಿ ಒಬ್ಬರ ಮೊದಲ ಅಡ್ಡಹೆಸರು ಒಬ್ಬ ಹೆತ್ತವರಿಂದ ಬರುತ್ತದೆ, ಎರಡನೆಯದು ಇನ್ನೊಬ್ಬರಿಂದ. ನಿಮ್ಮ ಯಜಮಾನರಿಗೆ ಮೊರೆನೊ ತಂದೆಯಿಂದ, ವಿದಾಲ್ ತಾಯಿಯಿಂದ ಬಂದಿರುತ್ತದೆ. ಮಗಳಿಗೂ ಅದೇ ಜೋಡಿ ಇಟ್ಟರೆ ಅಲ್ಲಿ ಓದುವವರಿಗೆ ಅವಳು ನಿಮ್ಮ ಗಂಡನ ಮಗಳಾಗಿ ಅಲ್ಲ, ತಂಗಿಯಾಗಿ ಕಾಣುತ್ತಾಳೆ.

ಇದು ಹಿಂದೆ ದೊಡ್ಡ ಕೋರ್ಟಿನವರೆಗೂ ಹೋದ ವಿಷಯ. ಬೆಲ್ಜಿಯಮ್‌ನಲ್ಲಿ ಗಾರ್ಸಿಯಾ ಅವೆಲ್ಯೊ ಎಂಬ ಸ್ಪೇನಿನವರು, ಅವರ ಹೆಂಡತಿ ವೆಬರ್ ಬೆಲ್ಜಿಯಮ್‌ನವರು. ಅಲ್ಲಿನ ಆಗಿನ ಕಾನೂನಿನಂತೆ ಮಕ್ಕಳಿಗೆ ತಂದೆಯ ಅಡ್ಡಹೆಸರನ್ನೇ ಇಡಬೇಕಿತ್ತು, ಹಾಗಾಗಿ ಎರಡೂ ಪದ ಸೇರಿಸಿ ಗಾರ್ಸಿಯಾ ಅವೆಲ್ಯೊ ಅಂತಲೇ ದಾಖಲಾಯಿತು. ಸ್ಪೇನಿನ ರಾಯಭಾರ ಕಚೇರಿಯಲ್ಲಿ ಮಾತ್ರ ಅದೇ ಮಕ್ಕಳು ಗಾರ್ಸಿಯಾ ವೆಬರ್. ಒಂದೇ ಮಗುವಿಗೆ ಎರಡು ದೇಶದ ಕಾಗದದಲ್ಲಿ ಎರಡು ಹೆಸರು! ಹೆತ್ತವರು ಬದಲಾವಣೆ ಕೇಳಿದರೆ, ಬೆಲ್ಜಿಯಮ್‌ನ ಅಧಿಕಾರಿಗಳು ಬೇಕಾದರೆ ಬರೀ ಗಾರ್ಸಿಯಾ ಕೊಡ್ತೀವಿ ಅಂದರು. ಕೊನೆಗೆ 2003ರ ಅಕ್ಟೋಬರ್ 2ರಂದು ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯ, ಎರಡೂ ದೇಶದ ಪೌರತ್ವ ಇರುವ ಮಕ್ಕಳಿಗೆ ಹೀಗೆ ನಿರಾಕರಿಸುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತು. ಬ್ರಿಟನ್ ಈಗ ಒಕ್ಕೂಟದಿಂದ ಹೊರಗಿದೆ, ಆ ತೀರ್ಪು ನಿಮ್ಮ ಕೈಗೆ ಬರುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಅದರ ಅಗತ್ಯವೂ ಇಲ್ಲ, ಯಾವ ಅಡ್ಡಹೆಸರು ಇಡಬೇಕು ಅನ್ನೋದನ್ನು ಅಲ್ಲಿ ಹೆತ್ತವರಿಗೇ ಬಿಟ್ಟಿದ್ದಾರೆ.

ಸ್ಪೇನಿನ ಲೆಕ್ಕದಲ್ಲಿ ನಿಮ್ಮ ಮಗಳು ಅನಿತಾ ಮೊರೆನೊ ರಮೇಶ್. ಹೌದು, ನಿಮ್ಮ ಅಪ್ಪನ ಸ್ವಂತ ಹೆಸರು ಅಲ್ಲಿ ಒಂದು ಮನೆತನದ ಹೆಸರಾಗಿಬಿಡುತ್ತದೆ. ತಾಯಿಯ ಅಡ್ಡಹೆಸರು ಅಂದರೆ ಹುಟ್ಟಿನಿಂದ ಬಂದದ್ದು, ಮದುವೆಯ ನಂತರದ್ದಲ್ಲ, ಏಕೆಂದರೆ ಸ್ಪೇನಿನ ಹೆಂಗಸರು ಗಂಡನ ಹೆಸರು ಹಾಕಿಕೊಳ್ಳುವುದಿಲ್ಲ. ನಮ್ಮ ಕಡೆಯ ಜನನ ಪ್ರಮಾಣಪತ್ರಗಳಲ್ಲಿ ಎಷ್ಟೋ ಸಲ ಸರ್‌ನೇಮ್ ಅನ್ನೋದೇ ಇರುವುದಿಲ್ಲ. ಹಾಗಾಗಿ ಮೊದಲು ಸ್ಪೇನಿನ ಕಾನ್ಸುಲೇಟಿಗೆ ನಿಮ್ಮ ಪಾಸ್‌ಪೋರ್ಟ್, ಜನನ ಪತ್ರ ಎರಡನ್ನೂ ತೋರಿಸಿ, ಮಗುವಿನ ಎರಡನೇ ಅಡ್ಡಹೆಸರನ್ನು ಹೇಗೆ ಬರೆಯುತ್ತೀರಿ ಎಂದು ಕೇಳಿ. ಆಮೇಲೆ ಇಂಗ್ಲೆಂಡಿನ ನೋಂದಣಿಗೆ ಹೋಗಿ, ಅದಕ್ಕೆ ಹುಟ್ಟಿದ ದಿನದಿಂದ 42 ದಿನ ಸಮಯ ಇರುತ್ತದೆ.

ಜಾಸ್ತಿ ಎಡವಟ್ಟಾಗುವುದು ಆ ನೋಂದಣಿ ಮೇಜಿನಲ್ಲೇ. ಮೂರು ಪದ ಕೇಳಿದ ಕೂಡಲೇ ಅನಿತಾ ಹೆಸರು, ಮೊರೆನೊ ನಡುವಿನ ಹೆಸರು, ರಮೇಶ್ ಸರ್‌ನೇಮ್ ಅಂತ ಬರೆದುಬಿಡುವುದು ಅವರಿಗೆ ಸಹಜ. ಕಾಗದದ ಮೇಲೆ ಪದಗಳು ಅವೇ, ಸಾಲು ಅದೇ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಸಹಿ ಹಾಕುವ ಮೊದಲು, ಸರ್‌ನೇಮ್ ಆಗಿ ಎರಡೂ ಪದ ಹೋಗಿದೆಯಾ ಎಂದು ಬಾಯಿಬಿಟ್ಟು ಕೇಳಿ, ಪರದೆಯ ಮೇಲೆ ತೋರಿಸಿ ಅನ್ನಿ. ಸಹಿ ಆದಮೇಲೆ ತಿದ್ದಿಸುವುದಕ್ಕೆ ಬೇರೆ ಅರ್ಜಿ, ಬೇರೆ ಅಲೆದಾಟ. ಎರಡು ಪದ ಬೇರೆಯಾಗದಿರಲಿ ಅಂತ ಕೆಲವರು ನಡುವೆ ಅಡ್ಡಗೆರೆ ಹಾಕಿಸುತ್ತಾರೆ. ನನಗದು ಇಷ್ಟವಿಲ್ಲ. ಸ್ಪೇನಿನ ದಾಖಲೆಯಲ್ಲಿ ಗೆರೆ ಇಲ್ಲದೆ ಇಲ್ಲಿ ಮಾತ್ರ ಇದ್ದರೆ ಮತ್ತೆ ಎರಡು ಬಗೆಯ ಬರಹವಾಯಿತು, ಅಲ್ವಾ?

ಮಗಳ ಸ್ಪ್ಯಾನಿಶ್ ಪಾಸ್‌ಪೋರ್ಟ್ ಬಂದಾಗ ಕೆಳಗಿನ ಯಂತ್ರ ಓದುವ ಸಾಲು ನೋಡಿ. ಅದು ಹೀಗೆ ಶುರುವಾಗಬೇಕು:

```
P<ESPMORENO<RAMESH<<ANITA
```

ಜೋಡಿ ಬಾಣದ ಎಡಕ್ಕೆ ಇರುವುದೆಲ್ಲ ಸರ್‌ನೇಮ್, ಬಲಕ್ಕೆ ಇರುವುದು ಕೊಟ್ಟ ಹೆಸರು. ವಿಮಾನದ ಟಿಕೆಟ್, ಶಾಲೆ, ಡಾಕ್ಟರ್, ಎಲ್ಲ ಕಡೆ ಇದೇ ವಿಂಗಡಣೆಯಂತೆ ತುಂಬಿ. ಆಸ್ಪತ್ರೆಯಿಂದ ಬರೀ ಮಿಸ್ ರಮೇಶ್ ಅಂತ ಪತ್ರ ಬಂತೆಂದರೆ ಅವರ ಕಂಪ್ಯೂಟರಿನಲ್ಲಿ ಮೊರೆನೊ ನಡುವಿನ ಹೆಸರಾಗಿ ಕೂತಿದೆ ಅಂತಲೇ ತಿಳಿಯಿರಿ, ಆಗಲೇ ಸರಿಮಾಡಿಸಿ.

ಪೋರ್ಚುಗೀಸ್ ಸ್ನೇಹಿತರ ಸಲಹೆ ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ಅವರಲ್ಲಿ ರೂಢಿ ತಿರುಗುಮುರುಗು, ತಾಯಿಯದು ಮೊದಲು, ತಂದೆಯದು ಕೊನೆಗೆ. ನಾಲ್ಕು ಅಡ್ಡಹೆಸರಿನವರೆಗೂ ಇಡಬಹುದು, ದಿನಬಳಕೆಗೆ ಸಾಮಾನ್ಯವಾಗಿ ಕೊನೆಯದು ಸಾಕು. ಕೊನೆಯ ಪದವನ್ನೇ ಸರ್‌ನೇಮ್ ಅಂದುಕೊಳ್ಳುವ ಇಂಗ್ಲಿಷ್ ಕಚೇರಿಯಲ್ಲಿ ಅವರ ಮಕ್ಕಳಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ನಿಮ್ಮ ಮಗಳಿಗೆ ಮಾತ್ರ ಸ್ಪೇನಿನಲ್ಲಿ ಎಲ್ಲರೂ ಕರೆಯುವ ಮೊರೆನೊ ಅನ್ನೋ ಪದವೇ ಕಳೆದುಹೋಗುತ್ತದೆ.

ಇನ್ನೊಂದು ಮಾತು. ನಿಮ್ಮ ಹೆಸರೇ ಮೊದಲು ಬರಲಿ ಅನ್ನಿಸಿದರೆ ರಮೇಶ್ ಮೊರೆನೊ ಅಂತಲೂ ಇಡಬಹುದು. 2017ರಿಂದ ಸ್ಪೇನಿನಲ್ಲಿ ತಂದೆಯದೇ ಮೊದಲು ಎಂಬ ನಿಯಮ ಇಲ್ಲ, ಇಬ್ಬರೂ ಕೂತು ತೀರ್ಮಾನಿಸಬೇಕು. ಆದರೆ ಈ ಮಗಳಿಗೆ ಆರಿಸಿದ ಕ್ರಮವೇ ಮುಂದೆ ಹುಟ್ಟುವ ತಮ್ಮ ತಂಗಿಯರಿಗೂ ಅನ್ವಯಿಸುತ್ತದೆ, ಅದನ್ನು ನೆನಪಿಟ್ಟುಕೊಂಡೇ ಆರಿಸಿ.