ಹಳದಿ ಪದರವಲ್ಲ, ಸುತ್ತಲಿನ ಕೆಂಪು

(ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಲೆನಾಡಿನ ಅಡಿಕೆ ತೋಟದ ಮನೆಯೊಂದರ ಸೊಸೆ ರಾತ್ರಿ ಒಂಬತ್ತರ ಹೊತ್ತಿಗೆ ನನಗೊಂದು ಫೋಟೋ ಕಳುಹಿಸಿದರು. ಐವತ್ತೆಂಟು ವರ್ಷದ ಮಾವನವರಿಗೆ ಐದು ದಿನಗಳ ಹಿಂದೆ ಗುದ್ದಲಿ ಜಾರಿ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆಯೇ ಗಾಯವಾಗಿತ್ತು. ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. "ಮೇಡಂ, ಗಾಯದ ಒಳಗೆ ಹಳದಿ ಕೀವು ಕಟ್ಟಿದೆ, ಒರೆಸಿದರೂ ಹೋಗುತ್ತಿಲ್ಲ, ಏನು ಮಾಡಲಿ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಒರೆಸಿದರೂ ಹೋಗುತ್ತಿಲ್ಲ ಎಂಬ ಮಾತೇ ನನಗೆ ಅರ್ಧ ಉತ್ತರ ಕೊಟ್ಟಿತು. ಮಾಯುತ್ತಿರುವ ಗಾಯದ ತಳದಲ್ಲಿ ಒದ್ದೆಯಾದ, ತೆಳು ಹಳದಿ ಪದರವೊಂದು ಅಂಟಿಕೊಂಡಿರುವುದು ಸಾಮಾನ್ಯ. ಅದನ್ನು ಕೆರೆದು ತೆಗೆದರೆ ಹೊಸ ಚರ್ಮವೇ ಹಾಳಾಗುತ್ತದೆ. ಕೀವು ಹಾಗಲ್ಲ, ಅದು ಮಂದವಾಗಿ ಒಸರುತ್ತದೆ, ಬಟ್ಟೆಗೆ ಹತ್ತುತ್ತದೆ, ಹೆಚ್ಚಾಗಿ ವಾಸನೆಯೂ ಇರುತ್ತದೆ. ನನ್ನ ಕಣ್ಣು ನಿಂತದ್ದು ಗಾಯದ ಒಳಗಲ್ಲ, ಅದರ ಸುತ್ತಲಿನ ಚರ್ಮದ ಮೇಲೆ. ಆದರೆ ಅಲ್ಲಿ ಅರಿಸಿನ ಹಚ್ಚಿದ್ದರು, ಮೇಲಾಗಿ ಬಲ್ಬಿನ ಹಳದಿ ಬೆಳಕು. ಅರಿಸಿನದ ಗುಣದ ಬಗ್ಗೆ ನನಗೆ ತಕರಾರಿಲ್ಲ, ಆದರೆ ನೋಡಬೇಕಾದ ಬಣ್ಣವನ್ನೇ ಅದು ಮುಚ್ಚಿಬಿಡುತ್ತದೆ.

ಜ್ವರ ನೋಡಲು ಹೇಳಿದೆ; ನೂರರೊಳಗಿತ್ತು. ಉಸಿರಾಟ, ಮಾತು ಎಲ್ಲ ಸರಿಯಾಗಿತ್ತು. ಕುದಿಸಿ ಆರಿಸಿದ ನೀರಿನಿಂದ ಗಾಯದ ಸುತ್ತಲಿನ ಅರಿಸಿನವನ್ನು ತೊಳೆಯಲು, ಎರಡೂ ಕಾಲು ಒಟ್ಟಿಗೆ ಕಾಣುವಂತೆ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು, ಟ್ಯೂಬ್‌ಲೈಟ್ ಕೆಳಗೆ ಇನ್ನೊಂದು ಫೋಟೋ ತೆಗೆಯಲು ಹೇಳಿದೆ. ಈ ಎರಡನೆಯ ಚಿತ್ರದಲ್ಲಿ ಗಾಯದಿಂದ ಪಾದದ ಕಡೆಗೆ ಮೂರು ಬೆರಳಗಲ ಚರ್ಮ ಹೊಳೆಯುತ್ತಿತ್ತು. ಅವರದು ಕಪ್ಪು ಮೈಬಣ್ಣವಾದ್ದರಿಂದ ಅದು ಕೆಂಪಾಗಿ ಅಲ್ಲ, ನೇರಳೆ ಬೆರೆತ ಕಂದಾಗಿ ಕಾಣುತ್ತಿತ್ತು. ಫೋಟೋ ತಿಳಿಸಲಾರದ್ದನ್ನು ಕೈಯಿಂದಲೇ ತಿಳಿಯಬೇಕಿತ್ತು: ಅಂಗೈ ಹಿಂಭಾಗದಿಂದ ಸೊಸೆ ಎರಡೂ ಕಾಲು ಮುಟ್ಟಿದಾಗ ಗಾಯದ ಕಾಲು ಬಿಸಿಯಾಗಿತ್ತು, ಒತ್ತಿದರೆ ಗುಳಿ ಬೀಳುತ್ತಿತ್ತು.

ಗಾಯವಾದ ಮೊದಲ ಎರಡು ಮೂರು ದಿನ ಅಂಚಿನ ಸುತ್ತ ಕಿರಿದಾದ ಕೆಂಪು, ತುಸು ಊತ, ಬಿಸಿ ಇರುವುದು ಸಹಜ. ಆದರೆ ಆ ಕೆಂಪು ದಿನದಿಂದ ದಿನಕ್ಕೆ ಒಳಗೆ ಸರಿಯಬೇಕು, ನೋವು ಇಳಿಯಬೇಕು. ಒಂದೇ ಫೋಟೋದಲ್ಲಿ ಈ ದಿಕ್ಕು ಕಾಣುವುದಿಲ್ಲ. ಅದೃಷ್ಟಕ್ಕೆ ಎರಡನೆಯ ದಿನ ಸೊಸೆ ಬೆಂಗಳೂರಿನಲ್ಲಿರುವ ಗಂಡನಿಗೆ ಕಳುಹಿಸಿದ್ದ ಚಿತ್ರ ಫೋನಿನಲ್ಲಿ ಉಳಿದಿತ್ತು. ಅದರಲ್ಲಿ ಕೆಂಪು ಅರ್ಧ ಬೆರಳಷ್ಟೂ ಇರಲಿಲ್ಲ. ಐದನೆಯ ದಿನ ಕುಗ್ಗಬೇಕಾದದ್ದು ಆರು ಪಟ್ಟಿಗೂ ಮೀರಿ ಹಿಗ್ಗಿತ್ತು.

"ನೋವೇ ಇಲ್ಲವಲ್ಲ, ಸುಮ್ಮನೆ ಆಸ್ಪತ್ರೆ ಯಾಕೆ?" ಎಂದು ಮಾವನವರು ಹಿಂದಿನಿಂದ ಹೇಳುತ್ತಿದ್ದುದು ನನಗೆ ಕೇಳಿಸಿತು. ಬಹುಕಾಲದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಮಂಕಾಗಿಸಿರಬಹುದಾದ್ದರಿಂದ ಆ ಮಾತನ್ನು ಸಮಾಧಾನದ ಲಕ್ಷಣವೆಂದು ನಾನು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ತಾಲೂಕು ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಉಳಿದ ಹಳೆಯ ಆಂಟಿಬಯೋಟಿಕ್ ಮಾತ್ರೆ ಕೊಡಬಾರದು, ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ವೈದ್ಯರಿಗೆ ಹೇಳಬೇಕು ಎಂದೆ. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆಯಲು ಹೇಳಿದ್ದು ಕಾಯುವುದಕ್ಕಲ್ಲ, ವೈದ್ಯರಿಗೆ ವೇಗ ತಿಳಿಯಲೆಂದು. ಚಳಿ ನಡುಕ, ಜ್ವರ, ತೊಡೆಯ ಕಡೆಗೆ ಏರುವ ಕೆಂಪು ಗೆರೆ, ತೊಡೆಸಂದಿನಲ್ಲಿ ಗಂಟು, ಗೊಂದಲದ ಮಾತು, ಕಪ್ಪಾಗುವ ಚರ್ಮ ಅಥವಾ ನೀರ್ಗುಳ್ಳೆ, ಹೊರಗೆ ಕಾಣುವುದಕ್ಕೆ ಮೀರಿದ ನೋವು, ಇವುಗಳಲ್ಲಿ ಒಂದು ಕಂಡರೂ ಬಸ್ಸಿಗೆ ಕಾಯದೆ ರಾತ್ರಿಯೇ 108ಕ್ಕೆ ಕರೆ ಮಾಡಬೇಕೆಂದು ಎರಡು ಸಲ ಹೇಳಿಸಿ ಕೇಳಿದೆ.

ಬೆಳಿಗ್ಗೆ ಆರಕ್ಕೆ ಕೆಂಪು ಪೆನ್ನಿನ ಗೆರೆಯನ್ನು ಒಂದು ಬೆರಳು ದಾಟಿತ್ತು, ಜ್ವರ ನೂರಾ ಒಂದು ಮುಟ್ಟಿತ್ತು. ಸೆಲ್ಯುಲೈಟಿಸ್, ಅಂದರೆ ಚರ್ಮದಡಿ ಹರಡುವ ಸೋಂಕು, ಎಂದು ದಾಖಲಿಸಿಕೊಂಡ ವೈದ್ಯರು ರಕ್ತನಾಳದ ಮೂಲಕ ಔಷಧ ಆರಂಭಿಸಿದರು. ಅಂದು ಸಂಜೆ ಕೆಂಪು ಇನ್ನೂ ತುಸು ಮುಂದೆ ಹೋದದ್ದನ್ನು ನೋಡಿ ಸೊಸೆ ಗಾಬರಿಯಿಂದ ಕರೆ ಮಾಡಿದರು. ಔಷಧ ಶುರುವಾದ ಮೊದಲ ದಿನ ಸ್ವಲ್ಪ ಹರಡುವುದುಂಟು, ಆದರೆ ಎರಡು ದಿನದೊಳಗೆ ಜ್ವರ ಇಳಿದು ಅಂಚು ನಿಲ್ಲದಿದ್ದರೆ ಔಷಧವನ್ನೇ ಮರುಪರಿಶೀಲಿಸಬೇಕಾಗುತ್ತದೆ, ಗೆರೆ ದಾಟಿದ್ದನ್ನು ವಾರ್ಡಿನ ನರ್ಸಿಗೆ ಈಗಲೇ ತೋರಿಸಿ ಎಂದೆ. ಅವರು ಹೊರಗೆ ಇನ್ನೊಂದು ಗೆರೆ ಎಳೆದರು. ಮೂರನೆಯ ದಿನ ಬಂದ ಫೋಟೋದಲ್ಲಿ ಆ ಎರಡನೆಯ ಗೆರೆಯ ಒಳಗೆ ಚರ್ಮ ಸುಕ್ಕುಗಟ್ಟಿ ಸಿಪ್ಪೆ ಏಳುತ್ತಿತ್ತು. ಗಾಯದ ತಳದ ಹಳದಿ ಪದರ ಮಾತ್ರ ಹಾಗೆಯೇ ಇತ್ತು.