ರಫ್ತು ಇನ್‌ವಾಯ್ಸ್‌ನಲ್ಲಿ ವ್ಯಾಟ್: ವಿನಾಯಿತಿಯೋ, ಶೂನ್ಯ ದರವೋ?

> ವಿದೇಶದ ಗ್ರಾಹಕರ ಇನ್‌ವಾಯ್ಸ್‌ಗೂ 20% ವ್ಯಾಟ್ ಬೀಳ್ತಿದೆ. 'ವಿನಾಯಿತಿ' ಅಂತ ಹಾಕಿ ಕಳಿಸಲಾ?

ಬಹುಶಃ ಗ್ರಾಹಕರ ಖಾತೆಯಲ್ಲಿ ದೇಶೀಯ ತೆರಿಗೆ ಕೋಡ್ ಹಾಗೇ ಉಳಿದಿದೆ. 'ವಿನಾಯಿತಿ' ಮಾತ್ರ ಹಾಕಬೇಡಿ, 'ಶೂನ್ಯ ದರ' ಆರಿಸಿ. ಎರಡರಲ್ಲೂ ತೆರಿಗೆ ಸೊನ್ನೆಯೇ. ಆದರೆ ವಿನಾಯಿತಿ ಅಂದರೆ ಆ ಸರಕಿಗಾಗಿ ನೀವು ಖರೀದಿಯಲ್ಲಿ ಕಟ್ಟಿದ ವ್ಯಾಟ್ ಸಾಮಾನ್ಯವಾಗಿ ವಾಪಸ್ ಸಿಗೋದಿಲ್ಲ. ಶೂನ್ಯ ದರದಲ್ಲಿ ಸಿಗುತ್ತೆ.

ಮೊದಲು ಬೆಲೆಯಿಂದ ವ್ಯಾಟ್ ಕಳೆಯಿರಿ. ವ್ಯಾಟ್ ಸೇರಿ 1,200 ಇದ್ದರೆ ಅದರ 20% ಕಳೆದು 960 ಅಂತ ಬರೆಯೋರೇ ಜಾಸ್ತಿ, ನಾನೂ ಒಮ್ಮೆ ಹಾಗೆ ಮಾಡಿ 40 ಕಳಕೊಂಡೆ. 1.20ರಿಂದ ಭಾಗಿಸಬೇಕು, ಬರೋದು 1,000. ಸಾಗಣೆ ವೆಚ್ಚದ ಸಾಲನ್ನೂ ನೋಡಿ, ಹಳೇ ದರ ಅಲ್ಲೇ ಅಡಗಿ ಕೂತಿರುತ್ತೆ. ಆಮೇಲೆ ವ್ಯಾಟ್ ಸಾಲನ್ನು ಅಳಿಸದೆ '0% – ರಫ್ತು, 0.00' ಎಂದು ಕಾಣಿಸಿ. ಷರಾದ ನಿಖರ ಪದಗಳು ದೇಶದಿಂದ ದೇಶಕ್ಕೆ ಬೇರೆ, ನಿಮ್ಮ ತೆರಿಗೆ ಇಲಾಖೆಯದನ್ನೇ ಬಳಸಿ.

ಈಗಾಗಲೇ ಕಳಿಸಿದ್ದನ್ನು ತಿದ್ದಬೇಡಿ. ಕ್ರೆಡಿಟ್ ನೋಟ್ ಕೊಟ್ಟು ಹೊಸ ಇನ್‌ವಾಯ್ಸ್ ಮಾಡಿ. ಕಸ್ಟಮ್ಸ್ ರಫ್ತು ಘೋಷಣೆ, ಸಾಗಣೆ ದಾಖಲೆ ಎರಡನ್ನೂ ಅದರ ಜೊತೆಗೇ ಫೈಲ್ ಮಾಡಿಡಿ. ಪುರಾವೆ ಇಲ್ಲದಿದ್ದರೆ ಆ ವ್ಯಾಟ್ ನಿಮ್ಮ ತಲೆಗೇ ಬರುತ್ತೆ. ಗ್ರಾಹಕರೇ ಬಂದು ಸರಕು ಒಯ್ಯೋದಾದರೆ ನಿಯಮ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ.